ಹಡಗು ತಪ್ಪಿದ ಮಾಲು ವಿಮಾನಕ್ಕೆ: ಮೂರು ದಾರಿ, ಮೂರು ಥರದ ಬಿಲ್ಲು

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ಮಷೀನ್ ಶಾಪ್. ಎರಕದ ಪಂಪ್ ಬಾಡಿಗಳನ್ನು ಜರ್ಮನಿಗೆ ಕಳಿಸುತ್ತೇವೆ. ಕಂಟೇನರ್ ಬಂದರಿಗೆ ಒಪ್ಪಿಸುವ ಕೊನೆಯ ಗಡುವಾದ ಕಟ್‌ಆಫ್‌ಗಿಂತ ಮುಂಚೆಯೇ ನ್ಹಾವಾ ಶೇವಾ ಬಂದರಿನ ಗೇಟ್ ಒಳಗೆ ಹೋಗಿತ್ತು. ಆದರೆ ಶಿಪ್ಪಿಂಗ್ ಲೈನ್ ಅದನ್ನು ಆ ಹಡಗಿಗೆ ಹತ್ತಿಸದೆ ಮುಂದಿನದಕ್ಕೆ ತಳ್ಳಿತು. ಅತ್ತ ಖರೀದಿದಾರರ ಮೇಲ್ ಬಂತು: ನಮ್ಮ ಉತ್ಪಾದನಾ ಲೈನ್ ನಿಲ್ಲುತ್ತದೆ, ವಿಮಾನದಲ್ಲಿ ಕಳಿಸಿ, ಖರ್ಚು ನಿಮ್ಮದು.

ಸಾಗಣೆ ಏರ್ಪಾಡು ಮಾಡುವ ಫಾರ್ವರ್ಡರ್ ಮೊದಲು ಕೊಟ್ಟ ಕೊಟೇಶನ್ ಇಡೀ ಕಂಟೇನರ್ ವಾಪಸ್ ತೆಗೆಸಿ ಮುಂಬೈಯಿಂದ ಹಾರಿಸುವುದು. ಕೇಳೋಕೆ ಸರಳ. ಆದರೆ ಎರಕದ ಮಾಲಿನ ತೂಕ ನೋಡಿ. ವಿಮಾನದಲ್ಲಿ 1 ಘನ ಮೀಟರ್‌ಗೆ ಸುಮಾರು 167 ಕಿಲೋ ಎಂದು ಹಿಡಿದು, ಅದಕ್ಕಿಂತ ನಿಜವಾದ ತೂಕ ಜಾಸ್ತಿ ಇದ್ದರೆ ತೂಕಕ್ಕೇ ದುಡ್ಡು ಹಾಕುತ್ತಾರೆ. ನಮ್ಮ ಒಂದು ಪ್ಯಾಲೆಟ್ ಅರ್ಧ ಘನ ಮೀಟರ್ ಜಾಗ ಹಿಡಿಯುತ್ತದೆ, ತೂಗುವುದು 700 ಕಿಲೋ. ಕಿಲೋಗೆ 200 ರೂಪಾಯಿಯಂತೆ 18 ಟನ್‌ಗೆ 36 ಲಕ್ಷ! ಅದರ ಮೇಲೆ ಬಂದರಿನಿಂದ ಹೊರತರುವ ಖರ್ಚು, ಲಾರಿ ಬಾಡಿಗೆ. ನ್ಹಾವಾ ಶೇವಾಕ್ಕೆ ಹಾಕಿದ ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸ್‌ಗೆ ಕೊಡುವ ರಫ್ತು ಪತ್ರ, ಏರ್ ಕಾರ್ಗೋದಲ್ಲಿ ನಡೆಯುವುದಿಲ್ಲ. ಹಳೆಯದನ್ನು ರದ್ದು ಮಾಡಿಸಿ ಹೊಸದು ಹಾಕಬೇಕು, ಅದಕ್ಕೆ ಕಸ್ಟಮ್ಸ್ ಅನುಮತಿ ಬೇಕು. ಬಟ್ಟೆಯಂಥ ಹಗುರ ಮಾಲಿನವರು ಈ ದಾರಿ ಯೋಚಿಸಬಹುದು. ನಮಗಂತೂ ಇದು ಆಗದ ಮಾತು.

ನಾವು ಹಿಡಿದದ್ದು ಎರಡನೆಯದು. ಕಂಟೇನರ್ ಇದ್ದಲ್ಲೇ ಇರಲಿ, ಮುಂದಿನ ಹಡಗಿಗೆ ಹೋಗಲಿ. ಅದು ತಲುಪುವವರೆಗೆ ಲೈನ್ ಓಡಲು ಎಷ್ಟು ಬೇಕು ಎಂದು ಖರೀದಿದಾರರನ್ನೇ ಕೇಳಿದೆವು. ಎರಡು ಪ್ಯಾಲೆಟ್ ಸಾಕು ಎಂದರು. ಶಾಪ್‌ನಲ್ಲಿದ್ದ ಹೊಸ ಮಾಲಿನಿಂದ ಅಷ್ಟನ್ನು ತೆಗೆದು ರಾತ್ರಿ ಲಾರಿಗೆ ಮುಂಬೈಗೆ ಕಳಿಸಿದೆವು. 1,400 ಕಿಲೋಗೆ 2.8 ಲಕ್ಷ. ಆದರೆ ತಯಾರಾದ ಮಾಲು ಕೈಯಲ್ಲಿ ಇರಬೇಕು. ಇಲ್ಲದಿದ್ದರೆ ಸೀಲ್ ಆದ ಕಂಟೇನರ್ ಅನ್ನೇ ಕಸ್ಟಮ್ಸ್ ಅನುಮತಿ ಪಡೆದು ಒಡೆಸಬೇಕು, ಉಳಿದ ಮಾಲೂ ತಡವಾಗುತ್ತದೆ.

ಈ 2.8 ಲಕ್ಷ ಯಾರದು? ನಮ್ಮ ಆರ್ಡರ್ ಎಫ್‌ಒಬಿ, ಅಂದರೆ ಮಾಲು ಹಡಗಿಗೆ ಹತ್ತುವವರೆಗೆ ಖರ್ಚು ನಮ್ಮದು, ಆಮೇಲೆ ಖರೀದಿದಾರರದು. ಫಾರ್ವರ್ಡರ್‌ನನ್ನು ಗೊತ್ತು ಮಾಡಿದವರೂ ಖರೀದಿದಾರರೇ. ಅಂತರರಾಷ್ಟ್ರೀಯ ವ್ಯಾಪಾರ ಶರತ್ತುಗಳಾದ ಇನ್‌ಕೋಟರ್ಮ್ಸ್ 2020ರ ಎಫ್‌ಒಬಿಯಲ್ಲಿ ಖರೀದಿದಾರ ಹೇಳಿದ ಹಡಗು ಸಮಯಕ್ಕೆ ಬಾರದಿದ್ದರೆ, ಅಥವಾ ಬಂದೂ ಮಾಲು ಹತ್ತಿಸಿಕೊಳ್ಳದಿದ್ದರೆ, ಹೆಚ್ಚುವರಿ ಖರ್ಚು ಖರೀದಿದಾರನದು. ಮಾಲು ಅವರದೇ ಎಂದು ಗುರುತಾಗಿರಬೇಕು, ಅಷ್ಟೇ. ಗೇಟ್-ಇನ್ ಚೀಟಿ, ಕಟ್‌ಆಫ್ ತಿಳಿಸಿದ ಮೇಲ್, ಶಿಪ್ಪಿಂಗ್ ಲೈನ್ ಕೊಟ್ಟ ಹೊಸ ಹಡಗಿನ ನೋಟಿಸ್ ಮೂರನ್ನೂ ಲಗತ್ತಿಸಿ ಉತ್ತರ ಬರೆದೆವು. ಮಾತು ಅಲ್ಲಿಗೆ ಮೆತ್ತಗಾಯಿತು. ಆದರೂ ನಿಮ್ಮ ಆರ್ಡರ್‌ನಲ್ಲಿ ಪ್ರೀಮಿಯಂ ಫ್ರೈಟ್, ಅಂದರೆ ತುರ್ತು ಸಾಗಣೆಯ ಹೆಚ್ಚಿನ ಬಾಡಿಗೆ, ಬಗ್ಗೆ ಬೇರೆ ಶರತ್ತು ಇದೆಯೇ ನೋಡಿಕೊಳ್ಳಿ. ವಾಹನ ಬಿಡಿಭಾಗದವರು ಅದನ್ನು ಹಾಕಿರುತ್ತಾರೆ. ಹಾಗಿದ್ದರೆ ಎಫ್‌ಒಬಿ ಒಂದನ್ನೇ ಹಿಡಿದು ವಾದಿಸಿ ಗೆಲ್ಲುವುದು ಕಷ್ಟ.

ಖರೀದಿದಾರರು ಖರ್ಚು ಕೊಡಲು ಒಪ್ಪಿದ ಮೇಲೂ ಬೆಳಗಾವಿಯ ಫಾರ್ವರ್ಡರ್ ಹುಡುಗ ಫೋನ್‌ನಲ್ಲಿ ಅಂದದ್ದು ಸರಿಯಾಗಿತ್ತು: "ಸರ್, ಮೊದಲು ಮೇಲ್ ಕಳಸ್ರಿ, ಬುಕಿಂಗ್ ಆಮ್ಯಾಲೆ ನೋಡೋಣ್ರಿ." ಏರ್‌ವೇ ಬಿಲ್‌ನಲ್ಲಿ ಫ್ರೈಟ್ ಕಲೆಕ್ಟ್ ಎಂದು ಹಾಕಿದರೆ ಬಾಡಿಗೆ ಅಲ್ಲಿ ವಸೂಲಾಗುತ್ತದೆ. ಆದರೆ ಅಲ್ಲಿ ಅವರು ಕೊಡದಿದ್ದರೆ ಅದು ತಿರುಗಿ ಕಳಿಸಿದವರ ತಲೆಗೇ ಬರುತ್ತದೆ. ಅದಕ್ಕೆ ಮೇಲ್‌ನಲ್ಲಿ ಕಿಲೋ ದರ, ತೂಕ, ಇಂಧನ ಸರ್‌ಚಾರ್ಜ್ ಸೇರಿದೆಯೇ, ಬಿಲ್ಲು ಯಾರ ಹೆಸರಿಗೆ ಎಂಬುದಷ್ಟನ್ನೂ ಬರೆಸಿದೆವು. ವಿಮಾನದ ಇನ್‌ವಾಯ್ಸ್‌ಗೆ ಎಫ್‌ಒಬಿ ಬದಲು ವಿಮಾನಕ್ಕೂ ನಡೆಯುವ ಎಫ್‌ಸಿಎ ಮುಂಬೈ ಏರ್‌ಪೋರ್ಟ್ ಎಂದು ಹಾಕಿದೆವು, ಎಫ್‌ಒಬಿ ಹಡಗಿಗೆ ಮಾತ್ರ.

ಮೂರನೆಯದು ಸಮುದ್ರ ಮತ್ತು ವಿಮಾನ ಸೇರಿದ ದಾರಿ. ಹಡಗಿನ ಬಾಡಿಗೆ, ವಿಮೆ ನಾವೇ ಕೊಡುವ ಬೇರೊಂದು ಸಿಐಎಫ್ ಆರ್ಡರ್‌ನ ಕಂಟೇನರ್ ಕೊಲಂಬೋದಲ್ಲಿ ಕೂತಾಗ ಇದನ್ನು ಮಾಡಿ ನೋಡಿದೆವು. ಕಿಲೋ ದರ ನೇರ ವಿಮಾನಕ್ಕಿಂತ ಕಡಿಮೆ. ಆದರೆ ಹೊರಟ ಮೇಲೆ ಕಂಟೇನರ್ ಅಲ್ಲೇ ಇಳಿಸಲು ಶಿಪ್ಪಿಂಗ್ ಲೈನ್ ಒಪ್ಪಬೇಕು, ಮಾಲಿನ ಹಕ್ಕು ತೋರಿಸುವ ಮೂಲ ಬಿಲ್ ಆಫ್ ಲೇಡಿಂಗ್ ಪತ್ರಗಳ ಪೂರ್ತಿ ಸೆಟ್ ವಾಪಸ್ ಕೊಡಬೇಕು. ಅವು ಆಗಲೇ ಬ್ಯಾಂಕ್ ಮೂಲಕ ಹೋಗಿದ್ದವು, ಅದನ್ನು ತರಿಸೋದರಲ್ಲೇ ಉಳಿದ ಸಮಯ ಕರಗಿತು. ದುಡ್ಡಿನ ಮಾತೂ ಇಲ್ಲಿ ಸಿಕ್ಕಾಯಿತು. ಸಿಐಎಫ್‌ನಲ್ಲಿ ಮಾಲು ಹಡಗು ಹತ್ತಿದ ಮೇಲೆ ಹೊಣೆ ಖರೀದಿದಾರನದು, ಆದರೆ ಸಾಗಣೆಯ ಕರಾರು ನಮ್ಮದು. ಹಾಗಾಗಿ ಫಾರ್ವರ್ಡರ್ ಬಿಲ್ಲು ಬಂದದ್ದು ನಮಗೆ. ತಡಕ್ಕೆ ಹೊಣೆ ಇಲ್ಲ ಎಂದು ಲೈನ್ ತನ್ನ ಶರತ್ತು ತೋರಿಸಿತು. ಕೊನೆಗೆ ಖರೀದಿದಾರರ ಜೊತೆ ಅರ್ಧ ಅರ್ಧ ಹಂಚಿಕೊಂಡೆವು. ಅದಕ್ಕೆ ಯಾವ ನಿಯಮವೂ ಇರಲಿಲ್ಲ, ಹಳೆ ಸಂಬಂಧಕ್ಕೆ ಒಪ್ಪಿದರು.