ಅಡುಗೆಮನೆ ಸಿಂಕ್‌ನ ನಿಧಾನ ಹರಿವು ಮತ್ತು ದುರ್ವಾಸನೆಗೆ ಅಡುಗೆ ಸೋಡಾ: ಎರಡು ವರ್ಷಗಳ ಬಳಕೆಯ ನಂತರ

ಬೆಂಗಳೂರಿನ ನಮ್ಮ ಮನೆಯ ಅಡುಗೆಮನೆ ಸಿಂಕ್‌ಗೆ ಎರಡು ವರ್ಷಗಳಿಂದ ಅಡುಗೆ ಸೋಡಾ ಬಳಸುತ್ತಿದ್ದೇನೆ. ದುರ್ವಾಸನೆ ನಿವಾರಣೆಗೆ ಐದರಲ್ಲಿ ಐದು ಅಂಕ, ನಿಧಾನವಾಗಿ ಇಳಿಯುವ ನೀರಿಗೆ ಮೂರು, ಪೂರ್ತಿ ಕಟ್ಟಿಕೊಂಡ ಪೈಪಿಗೆ ಸೊನ್ನೆ ಎಂಬುದು ನನ್ನ ತೀರ್ಮಾನ. ಇದಕ್ಕೆ ಮೊದಲು ಬಳಸುತ್ತಿದ್ದ ಕಾಸ್ಟಿಕ್ ಪುಡಿಯನ್ನು ಬಿಡಲು ಎರಡು ಕಾರಣಗಳಿದ್ದವು. ಅದು ನೀರಿಗೆ ಬಿದ್ದೊಡನೆ ವಿಪರೀತ ಬಿಸಿಯಾಗುತ್ತದೆ, ಮತ್ತು ಕಟ್ಟು ಬಿಡದಿದ್ದರೆ ಅದೇ ಸುಡುವ ನೀರು ಪೈಪಿನಲ್ಲಿ ನಿಂತು, ಮುಂದೆ ಅದನ್ನು ಬಿಚ್ಚುವವರ ಕೈ ಮತ್ತು ಕಣ್ಣಿಗೆ ಅಪಾಯ ತರುತ್ತದೆ.

ಮೊದಲು ಕಟ್ಟಿಕೊಳ್ಳುವುದು ಏನು ಎಂಬುದನ್ನು ನೋಡಬೇಕು. ನಮ್ಮ ಸಿಂಕ್‌ನ ಕೆಳಗೆ ಬಾಟಲ್ ಟ್ರ್ಯಾಪ್ ಇದೆ. ಕೆಳಗೆ ಬಕೆಟ್ ಇಟ್ಟು ಅದರ ತಳದ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ತೆಗೆದಾಗ, ಒಳಗೋಡೆಗೆ ಬೂದು ಬಣ್ಣದ ಮೆತ್ತನೆಯ ಪದರ ಅಂಟಿಕೊಂಡಿತ್ತು. ಬೆರಳಿಗೆ ಮೇಣದಂತೆ ಹತ್ತುವ ಆ ಪದರದಲ್ಲಿ ಸಾಸಿವೆ ಕಾಳು, ಕರಿಬೇವಿನ ನಾರು, ದೋಸೆ ಹಿಟ್ಟಿನ ಗಸಿ ಎಲ್ಲವೂ ಸಿಕ್ಕಿಕೊಂಡಿದ್ದವು. ತಳದಲ್ಲಿ ಅನ್ನದ ಅಗುಳುಗಳು ಹುಳಿತು ಲೋಳೆಯಾಗಿದ್ದವು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ತುಪ್ಪವೂ ಹಾಗೆಯೇ. ಡಿಸೆಂಬರ್ ಮತ್ತು ಜನವರಿಯಲ್ಲಿ ನಮ್ಮ ಸಿಂಕ್ ಹೆಚ್ಚು ತೊಂದರೆ ಕೊಡುವುದು ಇದರಿಂದಲೇ.

ಸೋಡಾ ಈ ಜಿಡ್ಡನ್ನು ಕರಗಿಸುತ್ತದೆ ಎಂಬ ಮಾತನ್ನು ಬಹಳ ಜನ ಹೇಳುತ್ತಾರೆ, ಆದರೆ ಅದು ಅಷ್ಟು ನಿಜವಲ್ಲ. ಅಡುಗೆ ಸೋಡಾ ತೀರಾ ಸೌಮ್ಯವಾದ ಕ್ಷಾರ. ಕಾಸ್ಟಿಕ್ ಸೋಡಾದಂತೆ ಎಣ್ಣೆಯನ್ನು ಸಾಬೂನಾಗಿಸುವ ಶಕ್ತಿ ಅದಕ್ಕಿಲ್ಲ. ಜಿಡ್ಡನ್ನು ಸಡಿಲಿಸುವ ಕೆಲಸವನ್ನು ಬಿಸಿನೀರು ಮತ್ತು ಪಾತ್ರೆ ತೊಳೆಯುವ ದ್ರವ ಮಾಡುತ್ತವೆ. ಸೋಡಾದ ನಿಜವಾದ ಗುಣ ಕಾಣುವುದು ವಾಸನೆಯ ವಿಷಯದಲ್ಲಿ. ಹುಳಿತ ಅನ್ನ, ಮಜ್ಜಿಗೆ ಮತ್ತು ಮುಗ್ಗಿದ ಎಣ್ಣೆಯಿಂದ ಬರುವ ವಾಸನೆಗೆ ಬಹುಮಟ್ಟಿಗೆ ಗಾಳಿಗೆ ಸೇರುವ ಆಮ್ಲಗಳು ಕಾರಣ. ಸೋಡಾ ಅವುಗಳೊಡನೆ ಸೇರಿ ಆವಿಯಾಗದ ಲವಣಗಳನ್ನು ಮಾಡುವುದರಿಂದ, ಪರಿಮಳದ ಗುಳಿಗೆಗಳಂತೆ ವಾಸನೆಯನ್ನು ಮರೆಮಾಚದೆ ಅದರ ಮೂಲವನ್ನೇ ಇಲ್ಲವಾಗಿಸುತ್ತದೆ.

ನಾನು ಅನುಸರಿಸುವ ಕ್ರಮ ಹೀಗಿದೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಸಿಂಕ್‌ನಲ್ಲಿ ನಿಂತ ನೀರು ಪೂರ್ತಿ ಇಳಿಯುವವರೆಗೆ ಕಾದು, ಜಾಲರಿಯನ್ನು ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಜಾಲರಿಯ ಅಡಿಭಾಗವನ್ನೂ ರಂಧ್ರದ ಕಂಠವನ್ನೂ ಸೋಡಾ ಹಚ್ಚಿ ಉಜ್ಜುತ್ತೇನೆ. ಇದನ್ನು ಬಿಟ್ಟು ಬರೀ ಪುಡಿ ಸುರಿಯುವವರೇ ಹೆಚ್ಚು, ಆದರೆ ವಾಸನೆಯ ದೊಡ್ಡ ಪಾಲು ಕೈಗೆಟಕುವ ಈ ಎರಡು ಅಂಗುಲದ ಲೋಳೆಯಲ್ಲೇ ಇರುತ್ತದೆ. ಸಿಂಕ್‌ನ ಮೇಲ್ಭಾಗದಲ್ಲಿ ನೀರು ತುಂಬಿ ಹರಿಯದಂತೆ ಇಟ್ಟಿರುವ ತೂತು ಇದ್ದರೆ ಅದನ್ನೂ ಹೀಗೆಯೇ ಉಜ್ಜಬೇಕು. ಆಮೇಲೆ ಸುಮಾರು 100 ಗ್ರಾಂ ಸೋಡಾವನ್ನು ಚಮಚದಿಂದ ರಂಧ್ರದೊಳಗೆ ಇಳಿಸಿ, ಅಂಟಿಕೊಳ್ಳುವಷ್ಟು ಮಾತ್ರ ನೀರು ಚಿಮುಕಿಸಿ, ಬೆಳಗಿನವರೆಗೆ ನಲ್ಲಿ ತಿರುಗಿಸದೆ ಬಿಡುತ್ತೇನೆ.

ಬೆಳಿಗ್ಗೆ ರಂಧ್ರ ಮುಚ್ಚಿ, ಕುದಿಯುವ ನೀರಿಗೆ ಅಷ್ಟೇ ತಣ್ಣೀರು ಬೆರೆಸಿ, ಒಂದು ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ, ಅರ್ಧ ಸಿಂಕ್ ತುಂಬಿಸಿ ಒಮ್ಮೆಗೇ ಬಿಡುತ್ತೇನೆ. ಹೀಗೆ ಬೆರೆಸಿದ ನೀರು 60 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕುದಿಯುವ ನೀರನ್ನು ನೇರವಾಗಿ ಸುರಿದರೆ ಪಿವಿಸಿ ಪೈಪು ಮೆತ್ತಗಾಗಿ ಜೋಡಣೆಗಳು ಸಡಿಲಗೊಳ್ಳುತ್ತವೆ. ನೀರಿನ ಪ್ರಮಾಣದಲ್ಲಿ ಜಿಪುಣತನ ಮಾಡಬಾರದು. ಒಂದು ಲೀಟರ್ ತಣ್ಣೀರಿನಲ್ಲಿ ಕರಗುವುದು ಹೆಚ್ಚುಕಡಿಮೆ 100 ಗ್ರಾಂ ಸೋಡಾ ಮಾತ್ರ, ಆದ್ದರಿಂದ ಒಂದು ಚೊಂಬು ನೀರು ಸುರಿದು ಬಿಟ್ಟರೆ ಉಳಿದ ಪುಡಿ ಟ್ರ್ಯಾಪ್‌ನ ತಳದಲ್ಲಿ ಕೂತು ತಾನೇ ಗಸಿಯಾಗುತ್ತದೆ. ಐದಾರು ಲೀಟರ್ ಒಟ್ಟಿಗೆ ಇಳಿದಾಗ ಪೈಪು ತುಂಬಿ ಹರಿದು, ಸಡಿಲವಾದ ಜಿಡ್ಡನ್ನು ಎಳೆದೊಯ್ಯುತ್ತದೆ.

ವಿನೆಗರ್ ಸೇರಿಸಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಬೇಡ. ನೊರೆ ಉಕ್ಕುವುದು ನೋಡಲು ಚೆನ್ನ, ಆದರೆ ಆ ಅನಿಲ ಬಾಯಿ ತೆರೆದ ಪೈಪಿನಲ್ಲಿ ಮೇಲಕ್ಕೆ ಬರುತ್ತದೆಯೇ ಹೊರತು ಕಟ್ಟನ್ನು ತಳ್ಳುವುದಿಲ್ಲ. 4 ಶೇಕಡಾದ 100 ಮಿಲಿ ವಿನೆಗರ್ ಕೇವಲ 5–6 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಸೋಡಾದೊಂದಿಗೆ ವರ್ತಿಸಿ ಎರಡೂ ತಮ್ಮ ಗುಣ ಕಳೆದುಕೊಳ್ಳುತ್ತವೆ. ಅದಕ್ಕಿಂತ ಮುಖ್ಯವಾಗಿ, ಬ್ಲೀಚ್ ಹಾಕಿರುವ ಸಿಂಕ್‌ಗೆ ವಿನೆಗರ್ ಅಥವಾ ನಿಂಬೆರಸ ಸುರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಅಂಗಡಿಯಲ್ಲಿ ಬೇಕಿಂಗ್ ಪೌಡರ್ ಡಬ್ಬಿಯನ್ನು ಇದೇ ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ಅದರಲ್ಲಿ ಸಾಮಾನ್ಯವಾಗಿ ಪಿಷ್ಟ ಇರುತ್ತದೆ, ಬಿಸಿನೀರಿಗೆ ಅದು ಗಂಜಿಯಂತಾಗುತ್ತದೆ.

ಇಷ್ಟಾದರೂ ವಾಸನೆ ಹೋಗದಿದ್ದರೆ ಮತ್ತಷ್ಟು ಸೋಡಾ ಸುರಿಯುವುದು ವ್ಯರ್ಥ. ನಮ್ಮ ತಂಗಿಯ ಬಾಡಿಗೆ ಮನೆಯಲ್ಲಿ ನಡೆದದ್ದು ಇದೇ. ಅಲ್ಲಿನ ವಾಸನೆ ಹುಳಿತ ಅನ್ನದ್ದಲ್ಲ, ಚರಂಡಿಯದ್ದು. ಜಾಲರಿಯ ಬಳಿ ಮೂಗಿಟ್ಟರೆ ಕಡಿಮೆ, ಸಿಂಕ್‌ನ ಕೆಳಗಿನ ಬೀರು ತೆರೆದರೆ ಹೆಚ್ಚು. ಬಗ್ಗಿ ನೋಡಿದಾಗ ಸುಕ್ಕುಸುಕ್ಕಾದ ಫ್ಲೆಕ್ಸಿಬಲ್ ಪೈಪನ್ನು ಯಾವ ಟ್ರ್ಯಾಪ್ ಇಲ್ಲದೆ ನೇರವಾಗಿ ಗೋಡೆಯ ಪೈಪಿಗೆ ತುರುಕಲಾಗಿತ್ತು, ಸುತ್ತ ಬೆರಳು ಹೋಗುವಷ್ಟು ಸಂದಿಯೂ ಇತ್ತು. ಚರಂಡಿಯ ಗಾಳಿಯನ್ನು ತಡೆಯುವುದು ಟ್ರ್ಯಾಪ್‌ನಲ್ಲಿ ಸದಾ ನಿಲ್ಲುವ ನೀರು. ಆ ನೀರೇ ಇಲ್ಲದ ಕಡೆ ಯಾವ ಪುಡಿಯೂ ಉಪಯೋಗಕ್ಕೆ ಬರುವುದಿಲ್ಲ. ಬಾಟಲ್ ಟ್ರ್ಯಾಪ್ ಹಾಕಿಸಿ, ಸಂದಿಗೆ ರಬ್ಬರ್ ಬಳೆ ಕೂರಿಸಿದ ಮೇಲೆ ವಾಸನೆ ನಿಂತಿತು. ಊರಿಗೆ ಹೋಗಿ ಬಹಳ ದಿನಗಳ ನಂತರ ಬಂದಾಗ ಮಾತ್ರ ಇಂಥ ವಾಸನೆ ಬಂದರೆ, ಟ್ರ್ಯಾಪ್‌ನ ನೀರು ಒಣಗಿದೆ ಎಂದರ್ಥ; ಎರಡು ಚೊಂಬು ನೀರು ಸಾಕು.

ನಿಧಾನ ಹರಿವಿನಲ್ಲೂ ಇಂಥದೇ ಒಂದು ಗಡಿ ಇದೆ. ನೀರು ನಿಂತು ನಿಂತಾದರೂ ಇಳಿಯುತ್ತಿದ್ದರೆ ಮೇಲಿನ ಕ್ರಮವನ್ನು ಎರಡು ರಾತ್ರಿ ಮಾಡಿ ನೋಡಬಹುದು. ಅಷ್ಟಕ್ಕೂ ಬದಲಾವಣೆ ಕಾಣದಿದ್ದರೆ, ಅಥವಾ ನೀರು ಅಲುಗಾಡದೆ ನಿಂತರೆ, ಬಾಟಲ್ ಟ್ರ್ಯಾಪ್ ಬಿಚ್ಚಿ ತೊಳೆಯುವುದೇ ಸರಿ. ಅದಕ್ಕೆ ಕಾಲು ಗಂಟೆ ಹಿಡಿಯುತ್ತದೆ, ಮರಳಿ ಹಾಕುವಾಗ ವಾಷರ್ ತನ್ನ ಜಾಗದಲ್ಲಿ ಸಮವಾಗಿ ಕೂತಿದೆಯೇ ಎಂದು ನೋಡಬೇಕು. ಆದರೆ ಕಾಸ್ಟಿಕ್ ಪುಡಿ ಹಾಕಿದ ಸಿಂಕ್ ಆಗಿದ್ದರೆ ಇದನ್ನು ನೀವು ಮುಟ್ಟದೆ, ಹಾಕಿರುವುದನ್ನು ಪ್ಲಂಬರ್‌ಗೆ ಮೊದಲೇ ತಿಳಿಸಬೇಕು. ಟ್ರ್ಯಾಪ್ ಚೊಕ್ಕವಾಗಿದ್ದೂ ನೀರು ಇಳಿಯದಿದ್ದರೆ ಅಥವಾ ಬಚ್ಚಲಿನ ನೀರೂ ಜೊತೆಗೇ ನಿಧಾನವಾದರೆ, ತಡೆ ಇರುವುದು ಮುಂದಿನ ಪೈಪಿನಲ್ಲಿ ಇಲ್ಲವೇ ಹೊರಗಿನ ಚೇಂಬರಿನಲ್ಲಿ.

ಈಗ ನಮ್ಮ ಮನೆಯಲ್ಲಿ ಚಳಿಗಾಲದಲ್ಲಿ ವಾರಕ್ಕೊಮ್ಮೆ, ಉಳಿದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಸೋಡಾ ಹಾಕುತ್ತೇವೆ. ಬಾಣಲೆಯ ಎಣ್ಣೆಯನ್ನು ಹಳೆಯ ಪತ್ರಿಕೆಯಿಂದ ಒರೆಸಿಯೇ ತೊಳೆಯಲು ಹಾಕುತ್ತೇವೆ. ಸಣ್ಣ ಪೊಟ್ಟಣಗಳಿಗಿಂತ ಕಿಲೋ ಲೆಕ್ಕದಲ್ಲಿ ಕೊಂಡರೆ ಸೋಡಾ ಅಗ್ಗವಾಗಿ ಸಿಗುತ್ತದೆ. ತೇವ ತಾಗದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಗಂಟು ಕಟ್ಟುವುದಿಲ್ಲ.