ಗಾಡಿ ಕೀ ಕಿತ್ತುಕೊಂಡು ದುಡ್ಡು ಕೇಳಿದರೆ ಕೊಡಬೇಡಿ, ನಾನು ಕೊಟ್ಟು ಕೆಟ್ಟೆ

ಎರಡು ಸಾವಿರ ರೂಪಾಯಿಗೆ ಟೀ ಕುಡಿದವರು ಯಾರಾದರೂ ಇದ್ದೀರಾ? ನಾನಿದ್ದೀನಿ. ಟೀ ಕೂಡ ಸಿಗಲಿಲ್ಲ, ದುಡ್ಡು ಮಾತ್ರ ಹೋಯಿತು. ಇಪ್ಪತ್ತು ದಿನ ಆಯಿತು, ಇನ್ನೂ ಹೊಟ್ಟೆ ಉರಿಯುತ್ತಿದೆ. ಮನೆಯವರು, ಒಬ್ಬ ವಕೀಲರು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ನಾಚಿಕೆ, ಇನ್ನೇನು.

ಭಾನುವಾರ, ನೆಂಟರ ಮನೆ ಗೃಹಪ್ರವೇಶ. ನನ್ನ ಕಾರು ಗ್ಯಾರೇಜಿನಲ್ಲಿತ್ತು. ಬಾಮೈದನ ಕಾರು ಇಸ್ಕೊಂಡು ಹೊರಟೆ. ಹಿಂದಿನ ಸೀಟಲ್ಲಿ ಅಮ್ಮ, ಮುಂದೆ ಹೆಂಡತಿ. ಒಂದು ಊರಿನ ಬೈಪಾಸ್ ಹತ್ತಿರ ಬ್ಯಾರಿಕೇಡ್ ಇಟ್ಟಿದ್ದರು. ಸೀಟ್ ಬೆಲ್ಟ್ ಹಾಕಿದ್ದೆ, ಫೋನ್ ಮುಟ್ಟಿರಲಿಲ್ಲ, ವೇಗ ಮೂವತ್ತೋ ನಲವತ್ತೋ. ಇದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, ನಿಲ್ಲಿಸೋಕೆ ಕಣ್ಣಿಗೆ ಕಾಣುವ ತಪ್ಪು ಒಂದೂ ಇರಲಿಲ್ಲ. ಒಂದೂ.

ಖಾಕಿ ಬಟ್ಟೆಯ ಒಬ್ಬ ಕೈ ಅಡ್ಡ ಹಾಕಿದ. ನಿಲ್ಲಿಸಿ ಗಾಜು ಇಳಿಸಿದೆ. ಇಳಿಸಿದ್ದೇ ತಡ, ಕೈ ಒಳಗೆ ಹಾಕಿ ಕೀ ಕಿತ್ತುಕೊಂಡ. "ಸೈಡಿಗೆ ಬನ್ನಿ, ಸಾಹೇಬ್ರು ಕರೀತಾವ್ರೆ" ಅಂತ ಹೇಳಿ ಹೊರಟೇಹೋದ. ಆಗ ಅವನ ಎದೆ ಮೇಲೆ ಹೆಸರಿನ ಪಟ್ಟಿ ಇದೆಯಾ ಅಂತ ನೋಡಬೇಕಿತ್ತು. ನೋಡಲಿಲ್ಲ. ಅವನು ಪೊಲೀಸೇ ಅಲ್ಲ, ಹೋಮ್ ಗಾರ್ಡ್ ಅಂತ ಆಮೇಲೆ ಗೊತ್ತಾಯಿತು. ಖಾಕಿ ಕಂಡರೆ ಸಾಕು, ನಮಗೆ ಕಾಲು ನಡುಗುತ್ತದೆ ಅಲ್ವಾ.

ಕೀ ಹೋದ ಮೇಲೆ ನನ್ನ ತಲೆಯೂ ಹೋಯಿತು. ನಾನು ಮಾಡಿದ ಮೊದಲ ದಡ್ಡತನ ಅಲ್ಲೇ. ಇಳಿದು ಹೋಗಿ ಜೋರು ಮಾಡಿದೆ. "ನಾನ್ಯಾರು ಗೊತ್ತೇನ್ರೀ" ಅಂದೆ. ನಾನು ಯಾರೂ ಅಲ್ಲ. ಖಾಸಗಿ ಕಂಪನಿಯ ಲೆಕ್ಕ ಬರೆಯೋನು. ಜೀಪಿನ ಹತ್ತಿರ ಕುರ್ಚಿ ಹಾಕಿಕೊಂಡಿದ್ದವರು ನಕ್ಕರು. "ಯಾರಾದ್ರೂ ಇರ್ಲಿ ಸಾರ್, ಗಾಡಿ ಪೇಪರ್ಸ್ ಎಲ್ಲಾ ಒರಿಜಿನಲ್ ಕೊಡಿ."

ಲೈಸೆನ್ಸ್ ಜೇಬಲ್ಲಿತ್ತು, ಕೊಟ್ಟೆ. ಅದನ್ನು ಅವರು ಜೇಬಿಗೆ ಇಳಿಸಿದರು. ಆರ್‌ಸಿ, ಇನ್ಶೂರೆನ್ಸ್ ಎರಡೂ ಬಾಮೈದ ವಾಟ್ಸಾಪಲ್ಲಿ ಕಳಿಸಿದ್ದ ಫೋಟೋ. ಅದನ್ನೇ ತೋರಿಸಿದೆ. "ಫೋಟೋ ನಡೆಯಲ್ಲ." ನಾನು ಡಿಜಿಲಾಕರ್ ಕಾನೂನು ಅಂತ ಕೂಗಾಡಿದೆ. "ಎಲ್ಲಿದೆ ತೋರ್ಸಿ ಡಿಜಿಲಾಕರು?" ಇರಲಿಲ್ಲ. ಗ್ಯಾಲರಿಯಲ್ಲಿ ಇರುವ ಫೋಟೋ ಡಿಜಿಲಾಕರ್ ಅಲ್ಲ ಅನ್ನೋದು ಆ ಜಾಗದಲ್ಲಿ ನಿಂತಾಗ ಹೊಳೆಯಿತು. ಆ ಒಂದು ಮಾತಿನಲ್ಲಿ ಅವರದ್ದೇ ಸರಿ.

ಆಮೇಲೆ ಎಮಿಷನ್. ಅವರ ಮೆಷಿನ್ನಿನಲ್ಲಿ ಗಾಡಿ ನಂಬರ್ ಒತ್ತಿದರು. ಹೊಗೆ ತಪಾಸಣೆಯ ಸರ್ಟಿಫಿಕೇಟ್, ಅಂದರೆ ಪಿಯುಸಿ, ಮುಗಿದು ಆರು ದಿನ ಆಗಿತ್ತು. ನನಗೂ ಗೊತ್ತಿಲ್ಲ, ಬಾಮೈದನಿಗೂ ಗೊತ್ತಿಲ್ಲ. ಇಲ್ಲಿ ಒಂದು ವಿಷಯ ಗಮನಿಸಿ. ನಂಬರ್ ಒತ್ತಿದ ಮೆಷಿನ್ನಿನಲ್ಲೇ ಆರ್‌ಸಿ, ಇನ್ಶೂರೆನ್ಸ್ ಕೂಡ ಸರಿಯಾಗಿವೆ ಅಂತ ಅವರಿಗೆ ಕಂಡಿತ್ತು. ಒರಿಜಿನಲ್ ತನ್ನಿ ಅಂದದ್ದು ಸುಮ್ನೆ ನನ್ನನ್ನು ಕುಗ್ಗಿಸೋಕೆ.

"ಎಮಿಷನ್ ಇಲ್ಲ. ಕೋರ್ಟಿಗೆ ಹೋದ್ರೆ ಹತ್ತು ಸಾವಿರ. ಗಾಡಿ ಸೀಜ್. ಅಮ್ಮಾವ್ರನ್ನ ಹೆಂಗೆ ಕರ್ಕೊಂಡ್ ಹೋಗ್ತೀರಾ ನೋಡಿ." ಅಮ್ಮ ಕಾರಿನಿಂದಲೇ, "ಏನಾದ್ರೂ ಕೊಟ್ಟು ಕಳಿಸ್ಕೊಳೋ ಮಗ, ಮುಹೂರ್ತ ಮೀರುತ್ತೆ" ಅಂದರು. ಹೆಂಡತಿ ಮಾತ್ರ, "ರೀ, ರಸೀದಿ ಕೇಳ್ರೀ" ಅಂದಳು. ಅವಳ ಮಾತು ಕೇಳಬೇಕಿತ್ತು. ಕೇಳಲಿಲ್ಲ.

"ಇಲ್ಲೇ ಮುಗಿಸೋದಾದ್ರೆ ಎರಡು ಸಾವಿರ." ಸರಿ ಅಂದೆ. ಕ್ಯಾಶ್ ಇಲ್ಲ ಅಂದೆ. "ಅದಕ್ಕೇನ್ ಸಾರ್, ಅಗೋ ಅಲ್ಲಿ ಸ್ಕ್ಯಾನ್ ಮಾಡಿ." ಕೈ ತೋರಿಸಿದ್ದು ಪಕ್ಕದ ಟೀ ಅಂಗಡಿಗೆ! ಅಂಗಡಿಯವನು ಮುಖ ಕೂಡ ಎತ್ತಲಿಲ್ಲ. ಬಿಸ್ಕತ್ತಿನ ಡಬ್ಬಿಗೆ ಅಂಟಿಸಿದ್ದ ಕ್ಯೂಆರ್ ಸ್ಕ್ಯಾನ್ ಮಾಡಿದೆ. ಪರದೆ ಮೇಲೆ ಯಾವುದೋ ದೇವರ ಹೆಸರಿನ ಟೀ ಸ್ಟಾಲ್ ಅಂತ ಬಂತು. ಓದಿದೆ. ಓದಿಯೂ ಪಿನ್ ಒತ್ತಿದೆ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಸರ್ಕಾರಕ್ಕೆ ಹೋಗುವ ದಂಡ ಟೀ ಅಂಗಡಿ ಖಾತೆಗೆ ಹೋಗುತ್ತಾ? ಓದು ಬರಹ ಬರುವವನು ನಾನು!

ಕೀ, ಲೈಸೆನ್ಸ್ ಎರಡೂ ಮರುಕ್ಷಣ ಕೈಗೆ ಬಂದವು. "ಆರಾಮಾಗಿ ಹೋಗಿ ಬನ್ನಿ ಸಾರ್" ಅಂತ ಬೇರೆ.

ಮನೆಗೆ ಬಂದು ಬಾಮೈದನಿಗೆ ಹೇಳಿದೆ. ಅವನು, "ಭಾವ, ಚಲನ್ ಹಾಕಿದ್ರೆ ನನ್ನ ನಂಬರಿಗೆ ಮೆಸೇಜ್ ಬರ್ಬೇಕಿತ್ತಲ್ಲ" ಅಂದ. ಆರ್‌ಸಿಗೆ ಜೋಡಿಸಿರುವ ಮೊಬೈಲಿಗೆ ಬರುತ್ತದೆ ಅದು. echallan.parivahan.gov.in ತೆಗೆದು ಗಾಡಿ ನಂಬರ್ ಹಾಕಿ ನೋಡಿದೆವು. ಏನೂ ಇಲ್ಲ. ಒಂದು ವಾರ ಬಿಟ್ಟು ಮತ್ತೆ ನೋಡಿದೆವು. ಏನೂ ಇಲ್ಲ.

ಮುಂದಿನ ವಾರ ಅದೇ ದಾರಿಯಲ್ಲಿ ಹೋಗುವಾಗ ಅದೇ ಜನ, ಅದೇ ಜಾಗ. ನಿಲ್ಲಿಸಿ ಕೇಳಿದೆ. ಉತ್ತರ ಕೇಳಿ: "ಯಾವ ದುಡ್ಡು ಸಾರ್? ನಮಗೆ ಕೊಟ್ರಾ? ಟೀ ಕುಡಿದದ್ದಕ್ಕೆ ಕೊಟ್ಟಿರ್ತೀರ, ನೆನಪು ಮಾಡ್ಕೊಳಿ." ಸುತ್ತ ನಿಂತವರೆಲ್ಲ ನಕ್ಕರು. ಟೀ ಅಂಗಡಿಯವನೂ ನಕ್ಕ.

ಆಮೇಲೆ ನಮ್ಮ ಬೀದಿಯ ವಕೀಲರ ಹತ್ತಿರ ಹೋಗಿ ಕೂತೆ. ಅವರು ಬಿಡಿಸಿ ಹೇಳಿದ್ದು ಇದು.

ಸಮವಸ್ತ್ರದಲ್ಲಿರುವ ಯಾವ ಪೊಲೀಸ್ ಕೇಳಿದರೂ ಲೈಸೆನ್ಸ್ ತೋರಿಸಲೇಬೇಕು. ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್. ಅದರಲ್ಲಿ ವಾದ ಇಲ್ಲ. ಆರ್‌ಸಿ, ಇನ್ಶೂರೆನ್ಸ್, ಪಿಯುಸಿ ಕೇಳುವ ಅಧಿಕಾರ 158ನೇ ಸೆಕ್ಷನ್ನಿನದ್ದು. ಅದು ಸರ್ಕಾರ ಅಧಿಕಾರ ಕೊಟ್ಟ ಪೊಲೀಸ್ ಅಧಿಕಾರಿಗೆ. ಹೋಮ್ ಗಾರ್ಡ್‌ಗೆ ಇದು ಯಾವುದೂ ಇಲ್ಲ. ಪರ್ಮಿಟ್, ಎಫ್‌ಸಿ ಎಲ್ಲ ಟ್ಯಾಕ್ಸಿ ಲಾರಿಯಂಥ ಬಾಡಿಗೆ ಗಾಡಿಗಳಿಗೆ, ನಮ್ಮ ಸ್ವಂತ ಕಾರಿಗೆ ಪರ್ಮಿಟ್ ಕೇಳಿದರೆ ನಕ್ಕುಬಿಡಿ. ಅಲ್ಲ, ನಗಬೇಡಿ, ಮನಸ್ಸಲ್ಲೇ ನಕ್ಕುಕೊಳ್ಳಿ.

ಒರಿಜಿನಲ್ ಕಾಗದವೇ ಬೇಕು ಅನ್ನುವ ಹಾಗಿಲ್ಲ. ಕೇಂದ್ರದ ಮೋಟಾರು ವಾಹನ ನಿಯಮ 139ಕ್ಕೆ 2018ರಲ್ಲೇ ತಿದ್ದುಪಡಿ ಆಗಿದೆ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೆರೆದು ತೋರಿಸಿದರೆ ಸಾಕು. ಆದರೆ ಆ್ಯಪ್‌ನಲ್ಲೇ ಇರಬೇಕು, ನನ್ನ ಥರ ವಾಟ್ಸಾಪ್ ಫೋಟೋ ಅಲ್ಲ. ಆ ಹೊತ್ತಿಗೆ ಕಾಗದ ಕೈಯಲ್ಲಿ ಇಲ್ಲದಿದ್ದರೆ 15 ದಿನದೊಳಗೆ ದೃಢೀಕರಿಸಿದ ಪ್ರತಿ ಸಲ್ಲಿಸುವ ಅವಕಾಶವೂ ಅದೇ ನಿಯಮದಲ್ಲಿದೆ. ಇದನ್ನು ತಪ್ಪು ತಿಳಿಯಬೇಡಿ. ಕಾಗದ ಮನೆಯಲ್ಲಿ ಬಿಟ್ಟವನಿಗೆ ಆ ಅವಕಾಶ. ನನ್ನ ಪಿಯುಸಿ ಮುಗಿದೇ ಹೋಗಿತ್ತು. ಮರುದಿನ ಮಾಡಿಸಿ ತಂದರೂ ಹಿಂದಿನ ದಿನದ ತಪ್ಪು ತಪ್ಪೇ.

ಇನ್ನು ಆ ಹತ್ತು ಸಾವಿರ. ಪೂರ್ತಿ ಸುಳ್ಳಲ್ಲ, ಅದೇ ಅವರ ಚಾಲಾಕಿ. 190ನೇ ಸೆಕ್ಷನ್ನಿನಲ್ಲಿ ಹತ್ತು ಸಾವಿರದವರೆಗೆ ಅಂತ ಇದೆ. 'ವರೆಗೆ'. ಹೆಚ್ಚು ಅಂದರೆ ಅಷ್ಟು. ಗಾಡಿ ಹಿಡಿದಿಡುವ ಮಾತು 207ನೇ ಸೆಕ್ಷನ್. ಲೈಸೆನ್ಸ್ ಇಲ್ಲದವನು ಓಡಿಸಿದರೆ, ನೋಂದಣಿ ಇಲ್ಲದಿದ್ದರೆ, ಪರ್ಮಿಟ್ ಬೇಕಾದ ಗಾಡಿಗೆ ಪರ್ಮಿಟ್ ಇಲ್ಲದಿದ್ದರೆ ಹಿಡಿಯಬಹುದು. ಪಿಯುಸಿ ಆ ಸೆಕ್ಷನ್ನಿನಲ್ಲಿ ಇಲ್ಲವೇ ಇಲ್ಲ. ನಾನು ಹೆದರಿದ್ದು ಆ 'ಸೀಜ್' ಅನ್ನೋ ಒಂದು ಪದಕ್ಕೆ. ಲೈಸೆನ್ಸ್ ಕೂಡ ಜೇಬಿಗೆ ಹಾಕಿಕೊಳ್ಳುವ ಹಾಗಿಲ್ಲ. 206ನೇ ಸೆಕ್ಷನ್ ಪ್ರಕಾರ ವಶಕ್ಕೆ ತೆಗೆದುಕೊಂಡರೆ ರಸೀದಿ ಕೊಡಬೇಕು. ಕೀ ಕಿತ್ತುಕೊಳ್ಳಿ ಅಂತ ಯಾವ ಸೆಕ್ಷನ್ನೂ ಹೇಳುವುದಿಲ್ಲ.

ದಾಖಲೆ ನೋಡೋಕೆ ಅಂತಲೇ ಗಾಡಿ ನಿಲ್ಲಿಸಬೇಡಿ, ಕಣ್ಣಿಗೆ ಕಾಣುವ ತಪ್ಪು ಇದ್ದರೆ ಮಾತ್ರ ನಿಲ್ಲಿಸಿ, ಕುಡಿದು ಓಡಿಸುವವರ ತಪಾಸಣೆ ಮಾತ್ರ ಬೇರೆ ಅಂತ 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಬಹಿರಂಗವಾಗಿ ಹೇಳಿದ್ದರು. ಅದು ಇಲಾಖೆಯ ಸೂಚನೆ. ಅದನ್ನು ರಸ್ತೆಯಲ್ಲಿ ನಿಂತು ಓದಿ ಹೇಳಿದರೆ ಬಿಟ್ಟು ಕಳಿಸ್ತಾರೆ ಅಂತ ನಾನಂತೂ ನಂಬಲ್ಲ. ಆದರೆ ದೂರು ಬರೆಯುವಾಗ ಕೆಲಸಕ್ಕೆ ಬರುತ್ತದೆ.

ಹಾಗಾದರೆ ಏನು ಮಾಡಬೇಕಿತ್ತು? ವಕೀಲರು ಹೇಳಿದ್ದು ಎರಡೇ ಮಾತು. ಎಡಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೀ ತೆಗೆದು ನಿಮ್ಮ ಜೇಬಿಗೆ ಹಾಕಿಕೊಂಡು ಆಮೇಲೆ ಗಾಜು ಇಳಿಸಿ. "ಯಾವ ತಪ್ಪಿಗೆ ನಿಲ್ಲಿಸಿದ್ರಿ ಸಾರ್?" ಅಂತ ಮೆತ್ತಗೆ ಕೇಳಿ. ತಪ್ಪಿದ್ದರೆ, "ಚಲನ್ ಹಾಕಿ ಸಾರ್, ಕಟ್ತೀನಿ" ಅನ್ನಿ. ಅಷ್ಟೇ. ಅದನ್ನೇ ಹತ್ತು ಸಲ ಅನ್ನಿ. ನಮ್ಮ ರಾಜ್ಯದಲ್ಲಿ ಸ್ಥಳದಲ್ಲೇ ದಂಡ ಹಾಕುವುದು ಎಎಸ್‌ಐ ಮತ್ತು ಮೇಲಿನವರು. ಭುಜದ ಮೇಲೆ ಕನಿಷ್ಠ ಒಂದು ನಕ್ಷತ್ರ ಇರಬೇಕು. ಬರೀ ಪಟ್ಟಿ ಇದ್ದರೆ ಹೆಡ್ ಕಾನ್‌ಸ್ಟೇಬಲ್. ನನ್ನ ಹತ್ತಿರ ದುಡ್ಡು ತೆಗೆಸಿದವರ ಭುಜದಲ್ಲಿ ಏನಿತ್ತು? ನೋಡಿಲ್ಲ! ಹೆಸರೂ ನೋಡಿಲ್ಲ. ನಾನು ಯಾರು ಗೊತ್ತಾ ಅಂತ ಕೂಗೋದರಲ್ಲೇ ಇದ್ದೆ. ಅವರು ಯಾರು ಅಂತ ನೋಡಲಿಲ್ಲ.

ಅತಿ ಕಹಿ ಸುದ್ದಿ ಕೊನೆಗೆ ಹೇಳಿದರು. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ 2018ರಿಂದ ಲಂಚ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದವನಿಗೆ ಮಾತ್ರ ರಕ್ಷಣೆ. "ಯಾವತ್ತು ಕೊಟ್ರಿ?" ಅಂದರು. ಲೆಕ್ಕ ಹಾಕಿದೆ. ಹನ್ನೆರಡು ದಿನ ಆಗಿತ್ತು. "ಏಳು ದಿನದೊಳಗೆ ಬರಬೇಕಿತ್ತು ನೀವು, ಲೋಕಾಯುಕ್ತಕ್ಕೆ ಕೊಡಬಹುದಿತ್ತು. ಯುಪಿಐ ಪುರಾವೆ ಬೇರೆ ಇತ್ತು" ಅಂತ ತಲೆ ಅಲ್ಲಾಡಿಸಿದರು. ಆ ಏಳು ದಿನ ನಾನು ಏನು ಮಾಡ್ತಿದ್ದೆ ಅಂದರೆ, ನಾಚಿಕೆ ಪಡ್ತಿದ್ದೆ.

ಬಾಮೈದ ಮರುದಿನವೇ ಪಿಯುಸಿ ಮಾಡಿಸಿದ. ನೂರು ಚಿಲ್ಲರೆ ಆಯಿತಂತೆ.

ನನ್ನ ಫೋನಿನಲ್ಲಿ ಯುಪಿಐ ಆ್ಯಪ್ ತೆರೆದರೆ ಆ ಟೀ ಸ್ಟಾಲ್ ಹೆಸರು ಈಗಲೂ ಮೇಲೇ ಇದೆ. ಇವರಿಗೆ ಮತ್ತೆ ಹಣ ಕಳಿಸ್ತೀರಾ ಅಂತ ಕೇಳುತ್ತಿದೆ.