ಪೌಲಾಳ ಪರೀಕ್ಷೆ ಕಥೆ: ವರ್ಷದ ಮೇಲೆ ಬಳಸಿ ಬರೆದ ವಿಮರ್ಶೆ

ಫ್ರೆಂಚ್ ಭಾಷೆಯ ಡೆಲ್ಫ್ ಎ2 ಪರೀಕ್ಷೆಗೆ ಓದುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಪರೀಕ್ಷೆಯ ಓದು ವಿಭಾಗಕ್ಕೆ ಸಹಾಯ ಆಗಲಿ ಅಂತ ಈ ಪುಟ್ಟ ಫ್ರೆಂಚ್ ಕಥೆಪುಸ್ತಕ ತಗೊಳ್ಳುವುದಾದರೆ ಬೇಡ. ಬರವಣಿಗೆ ವಿಭಾಗಕ್ಕೆ ಅಂತಾದರೆ ಕಣ್ಣು ಮುಚ್ಚಿ ತಗೊಳ್ಳಿ. ಹೊದಿಕೆಯ ಮೇಲೆ 'ಓದಿನ ಅಭ್ಯಾಸಕ್ಕೆ' ಅಂತಲೇ ಇದೆ, ಆದರೆ ನನಗೆ ಇದು ಉಪಯೋಗಕ್ಕೆ ಬಂದದ್ದು ಬರೆಯಲಿಕ್ಕೆ.

ಕಥೆ ಸರಳ. ಬ್ರೆಜಿಲ್‌ನ ಪೌಲಾ ಎಂಬ ಹುಡುಗಿ ಫ್ರಾನ್ಸಿನ ಲಿಯೋನ್ ಊರಿಗೆ ಬಂದಿದ್ದಾಳೆ. ಬೆಳಿಗ್ಗೆ ಬೇಕರಿಯಲ್ಲಿ ಕೆಲಸ, ಸಂಜೆ ಫ್ರೆಂಚ್ ಕ್ಲಾಸು. ಅವಳೂ ಡೆಲ್ಫ್ ಎ2ಕ್ಕೇ ತಯಾರಾಗುತ್ತಿದ್ದಾಳೆ. ಕ್ರ್ವಾ ರೂಸ್ ಗುಡ್ಡದ ಮೆಟ್ಟಿಲು ಹತ್ತಿಳಿಯುವುದು, ರೋನ್ ನದಿ, ಸೋನ್ ನದಿ, ಜಗಳಗಂಟಿ ರೂಮ್‌ಮೇಟ್, ಕೊನೆಗೆ ಪರೀಕ್ಷೆ. ದೊಡ್ಡ ತಿರುವು ಏನೂ ಇಲ್ಲ. ಕಥೆಯಾಗಿ ನೋಡಿದರೆ ಸ್ವಲ್ಪ ಸಪ್ಪೆಯೇ.

ನಿಮ್ಮ ಮಟ್ಟಕ್ಕೆ ಸರಿಯೋ ಇಲ್ಲವೋ ಅಂತ ನೋಡಲಿಕ್ಕೆ ಮಧ್ಯದ ಯಾವುದಾದರೂ ಪುಟ ತೆಗೆದು ನೂರು ಪದ ಓದಿ. ಗೊತ್ತಿಲ್ಲದ್ದು ಎರಡು ಮೂರು ಬಂದರೆ ಆರಾಮವಾಗಿ ಓದಿಸಿಕೊಂಡು ಹೋಗುತ್ತದೆ. ಏಳೆಂಟು ಬಂದರೆ ಸಾಲು ಸಾಲಿಗೂ ಡಿಕ್ಷನರಿ ನೋಡಬೇಕು, ಆಮೇಲೆ ಅದು ಕಥೆ ಓದಿದ ಹಾಗೆ ಆಗುವುದಿಲ್ಲ.

ಈಗ ಅಸಲು ವಿಷಯ. ಮೊದಲ ಮೂರು ಅಧ್ಯಾಯ ಪೂರ್ತಿ ವರ್ತಮಾನದಲ್ಲಿದೆ. ನಾಲ್ಕನೆಯದರಿಂದ ಭೂತಕಾಲ ಶುರು. ಫ್ರೆಂಚಿನಲ್ಲಿ ಮಾತಿಗೆ ಬೇಕಾದ ಭೂತಕಾಲ ಎರಡು: ಆಗಿ ಮುಗಿದದ್ದಕ್ಕೆ ಪಾಸೆ ಕೊಂಪೊಸೆ, ಆಗ ನಡೆಯುತ್ತಿದ್ದದ್ದಕ್ಕೆ ಆಂಪರ್‌ಫೆ. ಕ್ಲಾಸಿನಲ್ಲಿ ಇದನ್ನು ಒಂದು ಪಟ್ಟಿ ಮಾಡಿ ಕೊಟ್ಟಿದ್ದರು. ಪಟ್ಟಿ ಬಾಯಿಪಾಠ ಆಯಿತು, ಆದರೆ ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ. ಈ ಪುಸ್ತಕದಲ್ಲಿ ಎರಡೂ ಒಂದೇ ಪ್ಯಾರಾದಲ್ಲಿ ಬರುತ್ತವೆ. ಒಂದು ಜಾಗ ನೋಡಿ: "ಇಲ್ ಪ್ಲವೆ. ಜತಾಂದೆ ಲ ಬ್ಯುಸ್. ತೂತಾಕೂ, ಮೊಂ ತೆಲೆಫೋನ್ ಆ ಸೊನೆ." ಅಂದರೆ ಮಳೆ ಬರುತ್ತಿತ್ತು, ಬಸ್ಸಿಗೆ ಕಾಯುತ್ತಿದ್ದೆ, ಅಷ್ಟರಲ್ಲಿ ಫೋನ್ ರಿಂಗ್ ಆಯಿತು. ಮೊದಲ ಎರಡು ಆಂಪರ್‌ಫೆ, ಕೊನೆಯದು ಪಾಸೆ ಕೊಂಪೊಸೆ. ಕನ್ನಡದ 'ಬರುತ್ತಿತ್ತು', 'ಆಯಿತು' ಹಾಗೇ ಕೂತುಬಿಡುತ್ತವೆ, ಅಲ್ವಾ?

ಆದರೆ ಎಲ್ಲ ಕಡೆ ಹೀಗೆ ಕೂರುವುದಿಲ್ಲ. ಮುಂದಿನ ಪುಟದಲ್ಲೇ ಪೌಲಾ ಒಂದು ಗಂಟೆ ಬಸ್ಸಿಗೆ ಕಾದ ಕಥೆ ಹೇಳುತ್ತಾಳೆ. ನಾವಾದರೆ 'ಒಂದು ಗಂಟೆ ಕಾಯುತ್ತಾ ಇದ್ದೆ ಮಾರಾಯ್ರೆ' ಅಂತ ಹೇಳಿಬಿಡುತ್ತೇವೆ. ಆ ಗುಂಗಿನಲ್ಲಿ ಆಂಪರ್‌ಫೆ ಹಾಕಲು ಕೈ ಹೋಗುತ್ತದೆ. ಪುಸ್ತಕದಲ್ಲಿ ಇರುವುದು "ಜೆ ಅತಾಂದ್ಯು ಲ ಬ್ಯುಸ್ ಪಾಂದಾಂ ಯುನ್ ಅರ್", ಅಂದರೆ ಪಾಸೆ ಕೊಂಪೊಸೆ. ಎಷ್ಟು ಹೊತ್ತು ಅಂತ ಲೆಕ್ಕ ಹೇಳಿ ಮುಗಿಸಿದರೆ, ಕೆಲಸ ಎಷ್ಟೇ ದೀರ್ಘವಾಗಿರಲಿ, ಫ್ರೆಂಚಿಗೆ ಅದು ಮುಗಿದ ಕೆಲಸ. ಅದೇ ಬಸ್ಸು, ಅದೇ ಕಾಯುವಿಕೆ, ಆದರೆ ಕ್ರಿಯಾಪದದ ರೂಪ ಬೇರೆ. ಈ ಎರಡು ಪುಟ ಅಕ್ಕಪಕ್ಕ ಇಟ್ಟವರಿಗೆ ಒಂದು ನಮಸ್ಕಾರ.

ಇದು ಬರವಣಿಗೆಗೆ ಯಾಕೆ ಬೇಕು ಅಂದರೆ, ಎ2 ಬರವಣಿಗೆಯ ಮೊದಲ ಪ್ರಶ್ನೆಯೇ ನಡೆದ ಒಂದು ಘಟನೆ ಅಥವಾ ನಿಮ್ಮ ಅನುಭವ ಹೇಳುವುದು, ಕನಿಷ್ಠ 60 ಪದ. ಹಿನ್ನೆಲೆಗೆ ಒಂದು ಕಾಲ, ನಡೆದದ್ದಕ್ಕೆ ಇನ್ನೊಂದು ಕಾಲ ಬಾರದಿದ್ದರೆ ಅಲ್ಲಿ ದಾಟುವುದು ಕಷ್ಟ. ಎರಡನೇ ಪ್ರಶ್ನೆಯಲ್ಲಿ ಆಹ್ವಾನಕ್ಕೆ ಉತ್ತರ, ಕ್ಷಮೆ ಕೇಳುವುದು ಅಂಥದ್ದು. ಅದಕ್ಕೆ ಈ ಕಥೆ ಜಾಸ್ತಿ ಉಪಕಾರ ಮಾಡುವುದಿಲ್ಲ.

ನಾನು ಮಾಡಿದ್ದು ಇಷ್ಟೇ. ಒಂದು ಅಧ್ಯಾಯ ಓದುವುದು, ಪುಸ್ತಕ ಮುಚ್ಚುವುದು, ಅದೇ ಅಧ್ಯಾಯವನ್ನು ನಮ್ಮೂರು ಮಂಗಳೂರಿಗೆ ತಂದು ಏಳೆಂಟು ಸಾಲಿನಲ್ಲಿ ಬರೆಯುವುದು. ಲಿಯೋನ್ ಬದಲಿಗೆ ಹಂಪನಕಟ್ಟೆ, ಬೇಕರಿ ಬದಲಿಗೆ ಕದ್ರಿಯ ಐಸ್‌ಕ್ರೀಮ್ ಅಂಗಡಿ. ಜುಲೈ ಮಳೆಗೆ ಬಸ್ ಕಾಯುವ ದೃಶ್ಯಕ್ಕೆ ಕಲ್ಪನೆಯೇ ಬೇಕಾಗಿರಲಿಲ್ಲ ಬಿಡಿ. ಆಮೇಲೆ ಪುಸ್ತಕ ತೆಗೆದು ಕ್ರಿಯಾಪದಗಳನ್ನು ಮಾತ್ರ ಹೋಲಿಸಿ ನೋಡುತ್ತಿದ್ದೆ.

ಆಡಿಯೋ ಇದೆ, ಕೋಡ್ ಸ್ಕ್ಯಾನ್ ಮಾಡಿದರೆ ಫೋನಿನಲ್ಲಿ ಬರುತ್ತದೆ. ಚೆನ್ನಾಗಿದೆ, ಆದರೆ ಅದನ್ನೇ ನಂಬಿ ಕೂರಬೇಡಿ. 'ಅವನು ಬಂದ', 'ಅವಳು ಬಂದಳು' ಎಂಬುದರಲ್ಲಿ ಕ್ರಿಯಾಪದದ ಉಚ್ಚಾರ ಫ್ರೆಂಚಿನಲ್ಲಿ ಒಂದೇ, ಎರಡೂ ಕಡೆ 'ಅರಿವೆ' ಅಂತಲೇ ಕೇಳುತ್ತದೆ. ಬರೆಯುವಾಗ ಮಾತ್ರ ಹೆಂಗಸಿಗೆ ಕೊನೆಗೆ ಇನ್ನೊಂದು 'ಇ' ಅಕ್ಷರ ಸೇರಬೇಕು. ಎತ್ರ್, ಅಂದರೆ 'ಇರು', ಎಂಬ ಸಹಾಯ ಕ್ರಿಯಾಪದ ತಗೊಳ್ಳುವ ಹೋಗು, ಬಾ, ಹೊರಡು ಮುಂತಾದವುಗಳಿಗೆಲ್ಲ ಹೀಗೇ. ಕಿವಿಗೆ ಸಿಗದೇ ಇರುವುದು ಕಣ್ಣಿಗೆ ಮಾತ್ರ ಸಿಗುತ್ತದೆ. ಕಥೆ ಹೇಳುವವಳು ಹುಡುಗಿಯಾದ್ದರಿಂದ ಈ 'ಇ' ಪುಟ ಪುಟದಲ್ಲೂ ಕಾಣುತ್ತದೆ. ದೊಡ್ಡಮ್ಮನ ಮಗಳಿಗೆ ಪುಸ್ತಕ ಕೊಟ್ಟಾಗ ಅವಳು ಕೇಳಿದಳು, "ಅಕ್ಕ, ಇದೆಂತ, ಇಲ್ಲಿ ಇ ಉಂಟು, ಅಲ್ಲಿ ಇಲ್ಲ?" ಅಷ್ಟು ಕೇಳಿದರೆ ಪಾಠ ಅರ್ಧ ಆದ ಹಾಗೆ.

ಪರೀಕ್ಷೆಯ ಅಧ್ಯಾಯ ನಿಜವಾಗಿ ಪರೀಕ್ಷೆ ಗೊತ್ತಿರುವವರು ಬರೆದಂತಿದೆ. ಪೌಲಾ 10 ನಿಮಿಷ ತಯಾರಿಗೆ ಕೂರುತ್ತಾಳೆ, ಆಮೇಲೆ ಒಳಗೆ ಹೋಗಿ ತನ್ನ ಪರಿಚಯ, ಒಂದು ವಿಷಯದ ಬಗ್ಗೆ ಸ್ವಂತ ಮಾತು, ಕೊನೆಗೆ ಪರೀಕ್ಷಕರ ಜೊತೆ ಪಾತ್ರ ಮಾಡಿ ಸಂಭಾಷಣೆ. ಎಲ್ಲ ಸೇರಿ 6ರಿಂದ 8 ನಿಮಿಷ. ನಾನು ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ಬರೆದೆ, ಕ್ರಮ ಇದೇ ಇತ್ತು. ನಾಲ್ಕು ವಿಭಾಗಕ್ಕೆ ತಲಾ 25, ಒಟ್ಟು 100ಕ್ಕೆ 50 ಬಂದರೆ ಪಾಸ್. ಯಾವುದೇ ಒಂದರಲ್ಲಿ 5ಕ್ಕಿಂತ ಕಡಿಮೆ ಬಂದರೆ ಮಾತ್ರ ಒಟ್ಟು ಎಷ್ಟಿದ್ದರೂ ಫೇಲ್. ಪುಸ್ತಕದಲ್ಲಿ ಈ ನಿಯಮ ರೂಮ್‌ಮೇಟ್ ಬಾಯಲ್ಲಿ ಬರುತ್ತದೆ, ಅದಕ್ಕೇ ಪೌಲಾಳಿಗೆ ಕೇಳುವ ವಿಭಾಗದ್ದೇ ಭಯ.

ಇನ್ನು ಓದು ವಿಭಾಗ. ಅದು 30 ನಿಮಿಷದ್ದು. ಅಲ್ಲಿ ಬರುವುದು ಜಾಹೀರಾತು, ಇಮೇಲ್, ಸೂಚನೆ, ಒಂದು ಚಿಕ್ಕ ಪತ್ರಿಕಾ ಬರಹ. ಬೇಕಾದ ಒಂದು ವಿಷಯ ಹುಡುಕಿ ಬಿಡಬೇಕು, ಕಥೆ ಹಾಗೆ ಸಾಲು ಸಾಲಾಗಿ ಓದುತ್ತಾ ಕೂತರೆ ಸಮಯ ಮುಗಿಯುತ್ತದೆ. ಅದಕ್ಕೆ ಹಳೆಯ ಮಾದರಿ ಪ್ರಶ್ನೆಪತ್ರಿಕೆಗಳೇ ದಾರಿ.

ಸಿಟ್ಟು ಬರಿಸಿದ್ದು ಎರಡು. ಒಂದು, ಪುಸ್ತಕದ ಎಲ್ಲರೂ ಅಚ್ಚುಕಟ್ಟಾಗಿ "ಜ ನ ಸೆ ಪಾ", ಅಂದರೆ 'ನನಗೆ ಗೊತ್ತಿಲ್ಲ', ಅಂತಲೇ ಮಾತಾಡುತ್ತಾರೆ. ಫ್ರಾನ್ಸಿನ ರಸ್ತೆಯಲ್ಲಿ 'ನ' ಬಿದ್ದುಹೋಗಿ, ಉಳಿದದ್ದೂ ಕೂಡಿಕೊಂಡು "ಶೆ ಪಾ" ಅಂತ ಕೇಳುತ್ತದೆ. ಆಡಿಯೋದಲ್ಲಿ ಅದರ ಸುಳಿವೇ ಇಲ್ಲ. ಎರಡು, ಕಥೆಯಲ್ಲಿ ಎಲ್ಲೂ ಪಾಸೆ ಸ್ಯಾಂಪ್ಲ್ ಎಂಬ, ಬರಹದಲ್ಲಿ ಬರುವ ಭೂತಕಾಲ ಇಲ್ಲ. ಈ ಮಟ್ಟಕ್ಕೆ ಅದು ಬೇಡವೇ ಬೇಡ, ನಿಜ. ಆದರೆ ಇದನ್ನು ಮುಗಿಸಿ ಖುಷಿಯಲ್ಲಿ ಒಂದು ನಿಜವಾದ ಫ್ರೆಂಚ್ ಕಾದಂಬರಿ ಎತ್ತಿಕೊಂಡರೆ ಮೊದಲ ಪುಟದಲ್ಲೇ "ಇಲ್ ಫಿ", "ಇಲ್ ಫ್ಯು" ಅಂತ ಬಂದು ಇದೆಲ್ಲಿಯ ಭಾಷೆ ಅನಿಸುತ್ತದೆ. ಕೊನೆಯಲ್ಲಿ ಒಂದು ಪುಟ ಕೊಟ್ಟು, ಇದು ಬರಹದಲ್ಲಿ ಬರುವ ಭೂತಕಾಲ, ನೋಡಿ ಗುರುತಿಸಿದರೆ ಸಾಕು ಅಂತ ಹೇಳಬಹುದಿತ್ತು.

ಮುಂದಿನ ಹಂತವಾದ ಬಿ1ಕ್ಕೆ ಹೋಗುವವರು ತಗೊಳ್ಳಬೇಡಿ, ಅಲ್ಲಿ 160 ಪದದಲ್ಲಿ ಅಭಿಪ್ರಾಯ ಹೇಳಬೇಕು, ಪೌಲಾ ಎಲ್ಲೂ ಅಭಿಪ್ರಾಯ ಹೇಳುವುದಿಲ್ಲ. ಎ1 ಮುಗಿಸಿ ಭೂತಕಾಲದ ಹತ್ತಿರ ನಿಂತಿರುವವರು ನಾಲ್ಕನೇ ಅಧ್ಯಾಯದಿಂದಲೇ ಶುರು ಮಾಡಿದರೂ ಏನೂ ತಪ್ಪಿಹೋಗುವುದಿಲ್ಲ. ಐದಕ್ಕೆ ನಾಲ್ಕು ನಕ್ಷತ್ರ.